ಮಹಾಪ್ರಬಂಧದ ಕೃತಜ್ಞತೆ: ಇಬ್ಬರು ಮಾರ್ಗದರ್ಶಕರು, ಒಂದೇ ಪುಟ

ಕೇಳಿದವರು: ರಸಾಯನಶಾಸ್ತ್ರದ ನನ್ನ ಮಹಾಪ್ರಬಂಧವನ್ನು ಮುಂದಿನ ತಿಂಗಳು ಸಲ್ಲಿಸಬೇಕು. ಮೊದಲ ಮಾರ್ಗದರ್ಶಕರು ಮೂರನೆಯ ವರ್ಷ ನಿವೃತ್ತರಾದರು. ಈಗಿನವರು ಅಧ್ಯಾಯಗಳನ್ನು ತಿಂಗಳುಗಟ್ಟಲೆ ಓದದೆ ಇಟ್ಟುಕೊಳ್ಳುತ್ತಿದ್ದರು. ಸಿಎಸ್‌ಐಆರ್ ಶಿಷ್ಯವೇತನವಿತ್ತು, ಪ್ರಯೋಗಾಲಯಕ್ಕೆ ಎಸ್‌ಇಆರ್‌ಬಿ ಯೋಜನೆಯ ಹಣವಿತ್ತು. ಮನೆಯವರ ಬಗ್ಗೆ ಬರೆಯಲು ಕುಳಿತರೆ ಪುಟಗಳೇ ತುಂಬುತ್ತವೆ. ಸುಳ್ಳು ಹೇಳದೆ, ಯಾರನ್ನೂ ನೋಯಿಸದೆ ಬರೆದವರಿದ್ದರೆ ತಿಳಿಸಿ.

ಧಾರವಾಡದ ಸಂಶೋಧನಾರ್ಥಿ: ಇಷ್ಟು ಚಿಂತಿಸುವ ಅಗತ್ಯವಿಲ್ಲ. ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮದ ಪ್ರಕಾರ ಹೋಲಿಕೆ ಪರೀಕ್ಷೆಯಲ್ಲಿ ಕೃತಜ್ಞತೆಯ ಪುಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಹಿರಿಯ ವಿದ್ಯಾರ್ಥಿಯೊಬ್ಬರ ಪುಟವನ್ನು ತೆಗೆದುಕೊಂಡು ಹೆಸರುಗಳನ್ನು ಬದಲಿಸಿದರೆ ಸಾಕು. ನಮ್ಮ ವಿಭಾಗದಲ್ಲಿ ಎಲ್ಲರೂ ಮಾಡುವುದು ಹಾಗೆಯೇ.

ಮೈಸೂರಿನ ನಿವೃತ್ತ ಪ್ರಾಧ್ಯಾಪಕಿ: ನಿಯಮದ ಮಾತು ನಿಜ, ಆದರೆ ಯಂತ್ರ ಓದದ ಪುಟವನ್ನು ಮನುಷ್ಯರು ಮೊದಲು ಓದುತ್ತಾರೆ. ನಾನು ಪರೀಕ್ಷಕಿಯಾಗಿದ್ದ ಒಂದು ಪ್ರಬಂಧದಲ್ಲಿ ಮದುವೆಯೇ ಆಗದ ಹುಡುಗನೊಬ್ಬ 'ನನ್ನ ಧರ್ಮಪತ್ನಿಯ ಸಹನೆಗೆ' ಋಣಿಯಾಗಿದ್ದ. ಮೌಖಿಕ ಪರೀಕ್ಷೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ, ಆದರೆ ಎಲ್ಲರೂ ಓದಿದ್ದರು. ಮೇಲಾಗಿ, ಪ್ರಬಂಧ ಶೋಧಗಂಗಾಕ್ಕೆ ಸೇರಿದ ಮೇಲೆ ಈ ಪುಟವೂ ಯಾರು ಬೇಕಾದರೂ ತೆರೆದು ನೋಡುವಂತಿರುತ್ತದೆ.

ಮಾರ್ಗದರ್ಶಕರ ವಿಷಯದಲ್ಲಿ ಗುಣವಾಚಕಗಳನ್ನು ಬಿಟ್ಟು, ಅವರು ನಿಮಗಾಗಿ ಮಾಡಿದ ಒಂದು ಕೆಲಸವನ್ನು ಹೆಸರಿಸಿ. ಪ್ರಮಾಣಪತ್ರಕ್ಕೆ ಸಹಿ ಹಾಕುವವರು ಈಗಿನವರಾದ್ದರಿಂದ ಅವರೇ ಮೊದಲು ಬರಲಿ: 'ಸಂಶೋಧನೆಯ ನಡುವೆ ನನ್ನನ್ನು ವಿದ್ಯಾರ್ಥಿಯಾಗಿ ಸ್ವೀಕರಿಸಿ, ನಾಲ್ಕನೆಯ ಅಧ್ಯಾಯದ ವಾದವನ್ನು ಮತ್ತೊಮ್ಮೆ ಕಟ್ಟುವಂತೆ ಮಾಡಿದ ಮಾರ್ಗದರ್ಶಕರಿಗೆ ನಾನು ಕೃತಜ್ಞ.' ಅಧ್ಯಾಯ ತಡವಾದದ್ದು ಇಲ್ಲಿಲ್ಲ, ಸುಳ್ಳೂ ಇಲ್ಲ. 'ಸದಾ ಲಭ್ಯರಿದ್ದು, ಕೂಡಲೇ ಓದಿ' ಎಂದು ಮಾತ್ರ ಬರೆಯಬೇಡಿ. ನಿಮ್ಮ ಪ್ರಯೋಗಾಲಯದವರು ಅದನ್ನು ವ್ಯಂಗ್ಯವೆಂದೇ ಓದುತ್ತಾರೆ. ಅನಂತರ ನಿವೃತ್ತರಾದವರು: 'ಈ ಸಮಸ್ಯೆಯನ್ನು ನನ್ನ ಕೈಗಿತ್ತು ಮೊದಲ ಮೂರು ವರ್ಷ ನಡೆಸಿದವರು ಅವರು, ಕೆಟ್ಟುಹೋದ ಪ್ರಯೋಗವನ್ನೂ ದಾಖಲೆ ಪುಸ್ತಕದಲ್ಲಿ ಬರೆಯಬೇಕೆಂದು ಕಲಿತದ್ದು ಅವರಿಂದ.' ಇದರಲ್ಲಿ ಸಹಜವಾಗಿಯೇ ಸ್ವಲ್ಪ ಹೆಚ್ಚು ಪ್ರೀತಿ ಇಣುಕುತ್ತದೆ. ಅದನ್ನು ಅಳಿಸಬೇಕಿಲ್ಲ, ಎರಡೂ ವಾಕ್ಯಗಳ ಉದ್ದ ಮಾತ್ರ ಸರಿಸುಮಾರು ಒಂದೇ ಇರಲಿ.

ಮನೆಯವರ ಭಾಗದಲ್ಲಿ ಸಾಲ, ಕಾಯಿಲೆ, ಮಾರಿದ ಒಡವೆಗಳ ಪಟ್ಟಿ ಬೇಡ, ಏಕೆಂದರೆ ಅವು ನಿಮ್ಮವಷ್ಟೇ ಅಲ್ಲ, ಅವರವೂ ಹೌದು.

ಹಂಪಿಯಲ್ಲಿ ಕನ್ನಡ ಸಂಶೋಧನೆ ಮಾಡಿದವರು: ನಾನು ನನ್ನ ಪ್ರಬಂಧವನ್ನು ಅಜ್ಜಿಗೆ ಅರ್ಪಿಸಿದೆ, ಇಡೀ ಪುಟದಲ್ಲಿ ಇದ್ದದ್ದು ಎರಡೇ ಪದ. ನೀವೂ ಹಾಗೆ ಮಾಡಿದರೆ ಉದ್ದದ ಸಮಸ್ಯೆಯೇ ಇರುವುದಿಲ್ಲ.

ಪ್ರಾಧ್ಯಾಪಕಿ: ತಾವು ಹೇಳುತ್ತಿರುವುದು ಅರ್ಪಣೆಯ ಪುಟ, ಅದು ಬೇರೆ. ಆದರೂ ಸಲಹೆ ಉಪಯುಕ್ತವೇ: ಮನೆಯವರ ಮೇಲಿನ ಭಾವವೆಲ್ಲ ಅರ್ಪಣೆಗೆ ಹೋದರೆ ಕೃತಜ್ಞತೆಯ ಪುಟ ಹಗುರವಾಗುತ್ತದೆ.

ಪುಣೆಯಲ್ಲಿರುವ ಪೋಸ್ಟ್‌ಡಾಕ್: ಹಣ ಕೊಟ್ಟವರ ವಾಕ್ಯದಲ್ಲಿ ಭಾವುಕತೆ ಬೇಡ, ನಿಖರತೆ ಬೇಕು. ಶಿಷ್ಯವೇತನ ಬಂದದ್ದು ನಿಮಗೆ, ಯೋಜನೆಯ ಹಣ ಬಂದದ್ದು ಮಾರ್ಗದರ್ಶಕರಿಗೆ. ಆದ್ದರಿಂದ ಎರಡನ್ನೂ ಬೆರೆಸದೆ, ಮಂಜೂರಾತಿ ಪತ್ರದಲ್ಲಿರುವ ಕಡತ ಸಂಖ್ಯೆಯನ್ನು ಪತ್ರ ನೋಡಿಯೇ ಬರೆಯಿರಿ. ಎಸ್‌ಇಆರ್‌ಬಿ ಈಗ ಎಎನ್‌ಆರ್‌ಎಫ್‌ನಲ್ಲಿ ಸೇರಿಹೋಗಿದೆ. ನಾನು ಪತ್ರದಲ್ಲಿದ್ದ ಹಳೆಯ ಹೆಸರನ್ನೇ ಇಟ್ಟು, 'ಈಗಿನ ಎಎನ್‌ಆರ್‌ಎಫ್' ಎಂದು ಸೇರಿಸಿದೆ.

ಜೊತೆಗಾರರ ಹೆಸರುಗಳನ್ನು ಬರೆಯುವಾಗ ನಾನು ತಪ್ಪು ಮಾಡಿದೆ. ಹತ್ತು ಗೆಳೆಯರನ್ನು ನೆನೆದು, ನನ್ನ ಮಾದರಿಗಳನ್ನೆಲ್ಲ ಎನ್‌ಎಂಆರ್ ಯಂತ್ರದಲ್ಲಿ ಓಡಿಸಿಕೊಟ್ಟ ತಂತ್ರಜ್ಞರನ್ನು 'ಇತರ ಸಿಬ್ಬಂದಿ' ಎಂಬ ಎರಡು ಪದದಲ್ಲಿ ಮುಗಿಸಿದ್ದೆ. ಅವರು ಅದನ್ನು ನೋಡಿ ಏನೂ ಹೇಳಲಿಲ್ಲ, ಅದೇ ಕಷ್ಟವಾಯಿತು. ಯಾರಾದರೂ ನಿಮಗೆ ಅಳತೆ ಮಾಡಿಕೊಟ್ಟಿದ್ದರೆ ಆ ಮಾತು ಸಂಬಂಧಿಸಿದ ಅಧ್ಯಾಯದಲ್ಲೂ ಇರಬೇಕು. ಕೃತಜ್ಞತೆಯ ಪುಟವೊಂದರಿಂದಲೇ ಆ ಲೆಕ್ಕ ತೀರುವುದಿಲ್ಲ.

ಕೇಳಿದವರು: ಜಗಳವಾಡಿ ಮಾತು ಬಿಟ್ಟ ಜೊತೆಗಾರನೊಬ್ಬನಿದ್ದಾನೆ. ನಿರ್ವಾತ ಪಂಪ್ ಕೆಟ್ಟಾಗಲೆಲ್ಲ ರಿಪೇರಿ ಮಾಡುತ್ತಿದ್ದವನು ಅವನೇ.

ಪುಣೆಯಲ್ಲಿರುವ ಪೋಸ್ಟ್‌ಡಾಕ್: ಬಿಡಿ. ಓದಿದರೆ ಅಣಕವೆಂದುಕೊಳ್ಳುತ್ತಾನೆ.

ಪ್ರಾಧ್ಯಾಪಕಿ: ನಾನು ಒಪ್ಪುವುದಿಲ್ಲ. ಪಂಪ್ ನಡೆದದ್ದು ನಿಜವಾದರೆ ಹೆಸರೂ ಇರಲಿ, ಪಂಪೂ ಇರಲಿ.

ಕೇಳಿದವರು: ಅವನ ವಿಷಯ ಇನ್ನೂ ತೀರ್ಮಾನಿಸಿಲ್ಲ. ಮನೆಯವರ ಭಾಗ ಮಾತ್ರ ನಿನ್ನೆ ರಾತ್ರಿ ಇಷ್ಟಕ್ಕೆ ಬಂದು ನಿಂತಿದೆ: 'ಐದು ವರ್ಷ ಅಡಿಕೆ ಕೊಯ್ಲಿಗೆ ನನ್ನನ್ನು ಕರೆಯದ ಅಪ್ಪನಿಗೆ, ಯಾವಾಗ ಮುಗಿಯುತ್ತದೆ ಎಂದು ಒಮ್ಮೆಯೂ ಕೇಳದ ಅಮ್ಮನಿಗೆ.'