ಹೊಸ ತಂತಿಯನ್ನು ಹಿಗ್ಗಿಸುವುದೋ, ಕೂರಿಸುವುದೋ?

ಕುಂಬಳೆಯಿಂದ ಪ್ರಶ್ನೆ:
ಗಿಟಾರ್ ಕಲಿಯುವ ಮಕ್ಕಳಿಗಾಗಿ ತಂತಿ ಬದಲಿಸುವ ಕ್ರಮವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸ್ಟೀಲ್ ತಂತಿಯ ಗಿಟಾರ್. ಹೊಸ ತಂತಿಗೆ ಶ್ರುತಿ ಮಾಡಿದ ಮೇಲೆ ಅದನ್ನು ಬೆರಳಲ್ಲಿ ಎಳೆದೆಳೆದು ಬಿಡುತ್ತೇವಲ್ಲ, ಅದಕ್ಕೆ ‘ಹಿಗ್ಗಿಸುವುದು’ ಎಂದರೆ ಸರಿಯೇ? ಶ್ರುತಿ ಇಳಿಯುವುದಕ್ಕೆ ‘ಜಾರುವುದು’ ಸಾಕೇ?

ಬದಿಯಡ್ಕದಿಂದ:
‘ಜಾರುವುದು’ ಸರಿಯಾಗಿದೆ. ಬಿರಡೆ ಹಿಂದಕ್ಕೆ ತಿರುಗುವುದರಿಂದಲೇ ಶ್ರುತಿ ಇಳಿಯುವುದು. ವೀಣೆಯ ಬಿರಡೆಗೆ ಸೀಮೆಸುಣ್ಣ ಹಚ್ಚಿ ಒಳಕ್ಕೆ ಒತ್ತಿ ತಿರುಗಿಸಿದರೆ ನಿಲ್ಲುತ್ತದೆ. ಇದಕ್ಕೂ ಹಾಗೆಯೇ ಮಾಡಬಹುದು.

ಮಂಜೇಶ್ವರದಿಂದ:
ವೀಣೆಯ ಮಟ್ಟಿಗೆ ಅದು ನಿಜ. ಗಿಟಾರಿನ ಬಿರಡೆಯೊಳಗೆ ಹಲ್ಲುಚಕ್ರ ಇದೆ. ಬಿರಡೆ ತಿರುಗಿಸಿದರೆ ತಂತಿ ಸುತ್ತುವ ಕಂಬ ತಿರುಗುತ್ತದೆ, ತಂತಿ ಎಳೆದರೆ ಕಂಬ ಹಿಂದೆ ಬರುವುದಿಲ್ಲ. ಸೀಮೆಸುಣ್ಣ ಬೇಡ.

ಸಡಿಲ ಇರುವುದು ಎರಡು ಕಡೆ: ಕಂಬದ ಸುತ್ತುಗಳಲ್ಲಿ ಮತ್ತು ತಂತಿಯ ತುದಿಯ ಗುಂಡಿನಲ್ಲಿ. ದಪ್ಪ ಇ ತಂತಿಯನ್ನೇ ನೋಡಿ. ಗುಂಡನ್ನು ಸೇತುವೆಯ ತೂತಿಗಿಳಿಸಿ ಪಿನ್ ಒತ್ತಿ, ತಂತಿಯನ್ನು ಮೇಲಕ್ಕೆ ಜಗ್ಗಬೇಕು. ಗುಂಡು ಒಳಗಿನ ಹಲಗೆಗೆ ತಾಗಿ ನಿಂತರೆ ಪಿನ್ ಏಳುವುದಿಲ್ಲ. ಎದ್ದರೆ ಗುಂಡು ಪಿನ್ನಿನ ತುದಿಗೆ ಸಿಕ್ಕಿಕೊಂಡಿದೆ ಎಂದರ್ಥ. ತೆಗೆದು ಮತ್ತೆ ಹಾಕಿ. ಕಂಬದಿಂದಾಚೆ ಸುಮಾರು 5 ಸೆಂ.ಮೀ. ಉಳಿಸಿಕೊಂಡರೆ ಎರಡು ಮೂರು ಸುತ್ತು ಬರುತ್ತದೆ. ಸುತ್ತು ಒಂದರ ಮೇಲೊಂದು ಹತ್ತದೆ, ಒಂದರ ಕೆಳಗೊಂದು ಇಳಿಯಬೇಕು.

ಶ್ರುತಿಗೆ ತಂದು 12ನೇ ಮೆಟ್ಟಿಲ ಬಳಿ ತಂತಿಯನ್ನು ಒಂದು ಸೆಂ.ಮೀ.ಯಷ್ಟು ನಿಧಾನ ಎತ್ತಿ ಬಿಡಿ. ಸುತ್ತು ಬಿಗಿದು ಶ್ರುತಿ ಇಳಿಯುತ್ತದೆ. ಮತ್ತೆ ಏರಿಸಿ, ಮತ್ತೆ ಎಳೆಯಿರಿ. ಎಳೆದ ಮೇಲೂ ಟ್ಯೂನರಿನ ಮುಳ್ಳು ಅಲ್ಲಾಡದಿದ್ದರೆ ಕೆಲಸ ಮುಗಿಯಿತು. ತೆಳು ತಂತಿಗಳನ್ನು ಇನ್ನೂ ಮೆಲ್ಲಗೆ ಎಳೆಯಬೇಕು, ಇಲ್ಲವಾದರೆ ತುಂಡಾಗುತ್ತದೆ. ಇಲ್ಲಿ ಉಕ್ಕು ಹಿಗ್ಗುವುದು ಕಡಿಮೆ, ಸುತ್ತು ಕೂರುವುದೇ ಹೆಚ್ಚು. ಹಾಗಾಗಿ ನಾನಾದರೆ ‘ತಂತಿ ಕೂರಿಸುವುದು’ ಎಂದೇ ಬರೆಯುತ್ತೇನೆ.

ನೀರ್ಚಾಲಿನಿಂದ:
ನಮ್ಮ ಮನೆಯ ಗಿಟಾರಿಗೆ ಹೊಸ ನೈಲಾನ್ ತಂತಿ ಹಾಕಿ ನಾಲ್ಕು ದಿನವಾಯಿತು. ಎಷ್ಟು ಎಳೆದರೂ ಬೆಳಗಾಗುವಾಗ ಶ್ರುತಿ ಇಳಿದಿರುತ್ತದೆ. ಸುತ್ತು ಕೂರಲಿಲ್ಲ ಎಂದೋ?

ಮಂಜೇಶ್ವರದಿಂದ:
ಸೇತುವೆಯಲ್ಲಿ ಗಂಟು ಜಾರುತ್ತಿಲ್ಲವಾದರೆ ಹೆದರಬೇಡಿ. ನೈಲಾನ್ ನಿಜವಾಗಿಯೂ ಹಿಗ್ಗುತ್ತದೆ, ಕೆಲವು ದಿನ ಹಿಡಿಯುತ್ತದೆ. ದಿನಾ ಶ್ರುತಿ ಏರಿಸುತ್ತಾ ಇರಿ. ನಿಮ್ಮ ತಂತಿಗೆ ‘ಹಿಗ್ಗು’ ಸರಿ.

ಕುಂಬಳೆಯಿಂದ:
ಹಾಗಾದರೆ ಸ್ಟೀಲಿಗೆ ‘ಕೂರಿಸು’, ನೈಲಾನಿಗೆ ‘ಹಿಗ್ಗಿಸು’. ಆದರೆ ಬಿರಡೆ ತಿರುಗಿಸುವಾಗ ‘ಟಿಕ್’ ಎಂದು ಶ್ರುತಿ ಒಮ್ಮೆಲೇ ಹಾರುವುದಕ್ಕೆ ಏನನ್ನೋಣ?

ಮಂಜೇಶ್ವರದಿಂದ:
ಅದು ಕತ್ತಿನ ಮೇಲ್ತುದಿಯ ಗೀರಿನಲ್ಲಿ ತಂತಿ ಸಿಕ್ಕಿಕೊಳ್ಳುವುದು. ಗೀರಿಗೆ ಪೆನ್ಸಿಲಿನ ಸೀಸ ತಿಕ್ಕಿದರೆ ಬಿಡುತ್ತದೆ. ಶ್ರುತಿ ಹೆಚ್ಚಾದರೆ ಕೆಳಗಿಳಿಸಿ ಅಲ್ಲೇ ನಿಲ್ಲಿಸಬಾರದು. ಬೇಕಾದ ಸ್ವರಕ್ಕಿಂತ ಕೆಳಗೆ ಹೋಗಿ ಮೇಲಕ್ಕೇ ಬಂದು ನಿಲ್ಲಬೇಕು. ಪದ ‘ಕಚ್ಚುವುದು’ ಆದೀತೇ?

ಬದಿಯಡ್ಕದಿಂದ:
‘ಕಚ್ಚುವುದು’ ಎಂದರೆ ಮಕ್ಕಳು ತಂತಿ ತುಂಡಾಗುತ್ತದೆ ಎಂದು ತಿಳಿದಾರು. ‘ಸಿಕ್ಕುವುದು’ ಎಂದೇ ಇರಲಿ.