ಸಹಾಯ ಬೇಕು: ವಿಡಿಯೋದಲ್ಲಿ ಆಧಾರ ಎಲ್ಲಿ, ಹೇಗೆ ತೋರಿಸುವುದು?

ಶಿವನಸಮುದ್ರದ ವಿದ್ಯುತ್ ಕೇಂದ್ರದ ಬಗ್ಗೆ ವಿಡಿಯೋ ಮಾಡುತ್ತಿದ್ದೇನೆ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು, ಅದರಲ್ಲಿ ತಕರಾರಿಲ್ಲ. ಆದರೆ ‘ಏಷ್ಯಾದಲ್ಲೇ ಮೊದಲ ಜಲವಿದ್ಯುತ್ ಕೇಂದ್ರ’ ಅಂತ ಸುಮಾರು ಕಡೆ ಬರೆದಿರುತ್ತಾರಲ್ಲ, ಆ ಮಾತು ನಿಲ್ಲುವುದಿಲ್ಲ. ಡಾರ್ಜಿಲಿಂಗ್ ಹತ್ತಿರದ ಸಿದ್ರಾಪಾಂಗ್ 1897ರದ್ದು, ಜಪಾನಿನ ಕ್ಯೋಟೋದ ಕೇಆಗೆ 1891ರದ್ದು. ಹತ್ತು ಸೈಟ್‌ಗಳು ಒಂದೇ ಸಾಲನ್ನು ಕಾಪಿ ಹೊಡೆದರೆ ಅದು ಹತ್ತು ಆಧಾರ ಆಗಲ್ಲ, ಅಲ್ವಾ?

ಈ ಮಾತು ಬರುವಾಗ ಪರದೆಯ ಕೆಳಗೆ [4] ಅಂತ ನಂಬರ್, ಪುಸ್ತಕದ ಹೆಸರು, ಪುಟ ಸಂಖ್ಯೆ ಹಾಕಿದ್ದೇನೆ. ಸಬ್‌ಟೈಟಲ್ ಆನ್ ಮಾಡಿದರೆ ಅದು ಮುಚ್ಚಿಹೋಗುತ್ತದೆ. ಮೇಲಿನ ಮೂಲೆಗೆ ಹಾಕಲೇ? ಮೊಬೈಲಲ್ಲಿ ನೋಡುವವರಿಗೆ ಓದಲು ಎಷ್ಟು ಸೆಕೆಂಡ್ ಬೇಕು?

ಇನ್ನೊಂದು ತಲೆನೋವು. ಯೂಟ್ಯೂಬ್ ಡಿಸ್ಕ್ರಿಪ್ಶನ್‌ನಲ್ಲಿ 5000 ಅಕ್ಷರ ಮಾತ್ರ. ಪ್ರತಿ ಆಧಾರಕ್ಕೂ ‘[4] 06:40’ ಅಂತ ಸಮಯ, ಪುಟ, ಜೊತೆಗೆ web.archive.org ಲಿಂಕ್ ಸೇರಿಸಿದರೆ ಪಟ್ಟಿ ಅದರೊಳಗೆ ಹಿಡಿಸುತ್ತಿಲ್ಲ. ಪೂರ್ತಿ ಪಟ್ಟಿಯನ್ನು ಗೂಗಲ್ ಡಾಕ್‌ನಲ್ಲಿ ಇಡಬಹುದು, ಆದರೆ ಆಮೇಲೆ ನಾನು ಸುಮ್ನೆ ತಿದ್ದಿದರೂ ನೋಡುಗರಿಗೆ ಗೊತ್ತಾಗಲ್ಲ. ನೀವೆಲ್ಲ ಏನು ಮಾಡುತ್ತೀರಿ? ನಿಮ್ಮ ಪಟ್ಟಿಯ ಒಂದು ಸ್ಕ್ರೀನ್‌ಶಾಟ್ ಹಾಕಿದರೂ ಸಾಕು.