ಒಂದೇ ಪ್ರಬಂಧಕ್ಕೆ ಒಬ್ಬರಿಂದ 4, ಇನ್ನೊಬ್ಬರಿಂದ 8: ನಿಮ್ಮ ವಿಭಾಗದಲ್ಲಿ ಹೇಗೆ ಸರಿ ಮಾಡಿಕೊಂಡಿರಿ?

ಕೇಳಿದವರು: ಪಿಯು ಕಾಲೇಜೊಂದರ ಕನ್ನಡ ವಿಭಾಗದ ಮುಖ್ಯಸ್ಥೆ

ನಮ್ಮಲ್ಲಿ ಇಬ್ಬರು ಕನ್ನಡ ಉಪನ್ಯಾಸಕರು, ಒಬ್ಬರು ಮೇಡಂ, ಒಬ್ಬರು ಸರ್. ಕಿರುಪರೀಕ್ಷೆಯಲ್ಲಿ ಪ್ರಬಂಧಕ್ಕೆ 10 ಅಂಕ. ಒಬ್ಬ ಹುಡುಗ ಬರೆದದ್ದನ್ನು ಇಬ್ಬರಿಗೂ ಕೊಟ್ಟೆ. ಮೇಡಂ 4 ಹಾಕಿದರು, ಸರ್ 8 ಹಾಕಿದರು. ಇಬ್ಬರೂ ಅನುಭವಿಗಳು, ಮನಸ್ಸಿಟ್ಟು ಓದುವವರು. ಯಾರಿಗೂ ಬೇಸರವಾಗದ ಹಾಗೆ ಇದನ್ನು ಸರಿ ಮಾಡಿಕೊಂಡವರು ಇದ್ದರೆ ದಯವಿಟ್ಟು ಹೇಳಿ.

ಹೈಸ್ಕೂಲ್ ಕನ್ನಡ ಶಿಕ್ಷಕ, ತುಮಕೂರು ಕಡೆ

ಅಂಕ ಒಡೆದುಬಿಡಿ ಮೇಡಂ. ಪೀಠಿಕೆಗೆ 1, ವಿಷಯ ನಿರೂಪಣೆಗೆ 5, ಭಾಷೆಗೆ 3, ಉಪಸಂಹಾರಕ್ಕೆ 1. ನಾವು ಹೀಗೇ ಮಾಡ್ತೀವಿ. ಸ್ಕೀಮ್ ಕೈಯಲ್ಲಿದ್ದರೆ ಇಬ್ಬರಿಗೂ ಒಂದೇ ಅಂಕ ಬರುತ್ತದೆ, ಬೇರೇನೂ ಬೇಕಾಗಿಲ್ಲ.

ನಿವೃತ್ತ ಉಪನ್ಯಾಸಕ, ಬಹಳ ವರ್ಷ ಮೌಲ್ಯಮಾಪನ ಕೇಂದ್ರಗಳಲ್ಲಿ ಕೆಲಸ ಮಾಡಿದವರು

ಒಡೆಯುವುದು ಒಳ್ಳೆಯದೇ, ಆದರೆ ಅದರಿಂದ ಅರ್ಧ ಕೆಲಸ ಮಾತ್ರ ಆಗುತ್ತದೆ. ‘ಭಾಷೆಗೆ 3’ ಎಂದು ಬರೆದುಕೊಂಡಿರಿ, ಸರಿ. ಯಾವ ಬರವಣಿಗೆಗೆ 3, ಯಾವುದಕ್ಕೆ 1 ಅನ್ನುವುದು ಇನ್ನೂ ಓದುವವರ ಮನಸ್ಸಿನಲ್ಲೇ ಉಳಿದಿದೆ, ಅಲ್ವಾ? ಇನ್ನೊಂದು ವಿಷಯ. ಎಷ್ಟೋ ಜನ ಮೊದಲು ಒಟ್ಟಾರೆ 6 ಎಂದು ತೀರ್ಮಾನಿಸಿ, ಆಮೇಲೆ ಅದನ್ನು ನಾಲ್ಕು ಕಡೆ ಹಂಚುತ್ತಾರೆ. ಹಾಗಾದಾಗ ಸ್ಕೀಮ್ ಇದ್ದೂ ಇಲ್ಲದ ಹಾಗೆ.

ಇದು ನಮ್ಮ ಕನ್ನಡದವರ ತೊಂದರೆ ಮಾತ್ರ ಅಲ್ಲ. 1961ರಲ್ಲಿ ಅಮೆರಿಕದಲ್ಲಿ ಡೀಡರಿಕ್ ಮತ್ತು ಅವರ ಜೊತೆಯವರು 300 ಪ್ರಬಂಧಗಳನ್ನು 53 ಜನರಿಗೆ ಓದಿಸಿದರು. ಒಂಬತ್ತು ದರ್ಜೆ ಇದ್ದವು. ಐದಕ್ಕಿಂತ ಕಡಿಮೆ ಬಗೆಯ ದರ್ಜೆ ಪಡೆದ ಪ್ರಬಂಧ ಒಂದೂ ಇರಲಿಲ್ಲ. 101 ಪ್ರಬಂಧಗಳಿಗೆ ಒಂಬತ್ತೂ ದರ್ಜೆ ಸಿಕ್ಕವು, ಅಂದರೆ ಒಬ್ಬರಿಗೆ ಅತ್ಯುತ್ತಮ ಅನಿಸಿದ್ದು ಇನ್ನೊಬ್ಬರಿಗೆ ತೀರಾ ಕಳಪೆ ಅನಿಸಿತ್ತು. ಆ ಓದುಗರಿಗೆ ಸ್ಕೀಮ್ ಕೊಟ್ಟಿರಲಿಲ್ಲ, ಎಲ್ಲರೂ ಮೇಷ್ಟರುಗಳೂ ಅಲ್ಲ. ನನಗೆ ಮುಖ್ಯ ಅನಿಸಿದ್ದು ಆಮೇಲೆ ಕಂಡದ್ದು. ಕೆಲವರು ವಿಚಾರಕ್ಕೆ ತೂಕ ಕೊಟ್ಟಿದ್ದರು, ಕೆಲವರು ತಪ್ಪುಗಳಿಗೆ, ಕೆಲವರು ಜೋಡಣೆಗೆ, ಕೆಲವರು ಪದಗಳಿಗೆ, ಕೆಲವರು ಬರೆದವರ ಛಾಪಿಗೆ. ಒಬ್ಬೊಬ್ಬರೂ ತಮ್ಮ ಮಟ್ಟಿಗೆ ಒಂದು ಲೆಕ್ಕದಲ್ಲೇ ಇದ್ದರು, ಲೆಕ್ಕ ಮಾತ್ರ ಬೇರೆ ಬೇರೆ.

ಆದ್ದರಿಂದ ಒಂದು ಪತ್ರಿಕೆ ನೋಡಿ ಯಾರು ಸರಿ ಎಂದು ಕೇಳಬೇಡಿ. ಹೆಸರು ಮುಚ್ಚಿ ಆರು ಪ್ರಬಂಧಗಳ ಜೆರಾಕ್ಸ್ ಮಾಡಿಸಿ. ಮೇಲಿನದು, ನಡುವಿನದು, ಕೆಳಗಿನದು ಎಲ್ಲ ಇರಲಿ, ಆ ಹುಡುಗನದೂ ಇರಲಿ. ಇಬ್ಬರೂ ಬೇರೆ ಬೇರೆ ಕೂತು ಅಂಕವನ್ನು ಬೇರೆ ಚೀಟಿಯಲ್ಲಿ ಬರೆಯಲಿ. ಪತ್ರಿಕೆಯ ಮೇಲೆ ಗೆರೆಯನ್ನೂ ಎಳೆಯಬಾರದು. ಮೊದಲಿನವರ ಕೆಂಪು ಗೆರೆ ಕಂಡರೆ ಎರಡನೆಯವರ ಕೈ ತಾನಾಗಿ ಆ ಕಡೆ ವಾಲುತ್ತದೆ. ಚೀಟಿಗಳನ್ನು ಒಟ್ಟಿಗೆ ಬಿಚ್ಚಿ, ಇಲ್ಲಿ ಹಾಕಿ. ನೋಡೋಣ.

ಒಬ್ಬ ಪೋಷಕರು

ಅಂಕ ಕಡಿಮೆ ಬಂದರೆ ಮೊದಲು ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಳ್ಳಿ, ಆಮೇಲೆ ಮರುಮೌಲ್ಯಮಾಪನಕ್ಕೆ ಹಾಕಿ. ನಮ್ಮ ಮಗಳಿಗೆ ಒಂದು ಪುಟದ ಅಂಕ ಕೂಡಿಸಿಯೇ ಇರಲಿಲ್ಲ. ಕೊನೆಯ ದಿನಾಂಕ ಮಾತ್ರ ದಾಟಬಾರದು.

ಕೇಳಿದವರು

ಪೋಷಕರೇ, ಇದು ಬೋರ್ಡ್ ಪರೀಕ್ಷೆ ಅಲ್ಲ, ನಮ್ಮ ಕಾಲೇಜಿನ ಕಿರುಪರೀಕ್ಷೆ. ಕೂಡುವುದರಲ್ಲಿ ತಪ್ಪಾಗಿಲ್ಲ.

ಸರ್, ನೀವು ಹೇಳಿದಂತೆ ಮಾಡಿದೆವು. ವಿಷಯ ‘ನಮ್ಮೂರಿನ ಕೆರೆ’. ಒಂದರಿಂದ ಆರರವರೆಗೆ ಮೇಡಂ ಕೊಟ್ಟದ್ದು: 8, 7, 4, 5, 6, 3. ಸರ್ ಕೊಟ್ಟದ್ದು: 7, 6, 8, 4, 5, 2. ಮೂರನೆಯದೇ ಆ ಹುಡುಗನದು.

ನಿವೃತ್ತ ಉಪನ್ಯಾಸಕ

ಈ ಎರಡು ಸಾಲುಗಳನ್ನು ಒಂದರ ಕೆಳಗೆ ಒಂದು ಬರೆದು ನೋಡಿ. ಮೂರನೆಯದನ್ನು ಬಿಟ್ಟರೆ ಎಲ್ಲದರಲ್ಲೂ ಸರ್ ಒಂದು ಅಂಕ ಕಡಿಮೆ ಕೊಟ್ಟಿದ್ದಾರೆ. ಯಾವುದು ಮೇಲು, ಯಾವುದು ಕೆಳಗೆ ಅನ್ನುವುದರಲ್ಲಿ ಇಬ್ಬರದೂ ಒಂದೇ ಮಾತು. ಇದು ಕೈ ಬಿಗಿ, ಕೈ ಸಡಿಲದ ವ್ಯತ್ಯಾಸ. ಸುಲಭವಾಗಿ ಸರಿಹೋಗುತ್ತದೆ. ಐದನೇ ಪ್ರಬಂಧವನ್ನು ಮುಂದಿಟ್ಟುಕೊಂಡು ‘ನಮ್ಮಲ್ಲಿ 6 ಅಂದರೆ ಇದು’ ಎಂದು ಒಪ್ಪಿಕೊಳ್ಳಿ. ಮುಂದೆ ಪ್ರತಿ ಬಂಡಲ್ ಬಿಚ್ಚುವ ಮೊದಲು ಇಬ್ಬರೂ ಅದನ್ನು ಒಮ್ಮೆ ಓದಲಿ. 8ಕ್ಕೆ ಒಂದು, 4ಕ್ಕೆ ಒಂದು ಹೀಗೆಯೇ ಇದ್ದರೆ ಸಾಕು.

ಮೂರನೆಯದರ ಕಥೆ ಬೇರೆ. ಅಲ್ಲಿ ಬಿಗಿ ಕೈಯವರೇ ನಾಲ್ಕು ಅಂಕ ಜಾಸ್ತಿ ಕೊಟ್ಟಿದ್ದಾರೆ. ಇಬ್ಬರೂ ಅದರಲ್ಲಿ ಬೇರೆ ಬೇರೆಯದನ್ನು ಓದಿದ್ದಾರೆ ಎಂದರ್ಥ. ಇದನ್ನು ಸರಾಸರಿ ತೆಗೆದು 6 ಮಾಡಬೇಡಿ. ಮಾಡಿದರೆ ಜಗಳ ನಿಲ್ಲುತ್ತದೆ, ಕಾರಣ ಉಳಿದುಬಿಡುತ್ತದೆ. ಅದರಲ್ಲಿ ಏನಿದೆ, ಹೇಳಿ.

ಕೇಳಿದವರು

ವಿಷಯ ತುಂಬಾ ಚೆನ್ನಾಗಿದೆ. ಕೆರೆಯ ತೂಬು ಯಾವಾಗ ಎತ್ತುತ್ತಿದ್ದರು, ನೀರುಗಂಟಿ ಯಾರ ಗದ್ದೆಗೆ ಮೊದಲು ನೀರು ಬಿಡುತ್ತಿದ್ದ, ಹೂಳು ತುಂಬಿದ ಮೇಲೆ ಏನಾಯಿತು ಎಲ್ಲ ಬರೆದಿದ್ದಾನೆ. ಆದರೆ ‘ಹಳ್ಳಿ’ ಎಂಬುದು ‘ಅಳ್ಳಿ’, ‘ಹೋದರು’ ಎಂಬುದು ‘ಓದರು’. ಪುಟದ ತುಂಬಾ ಹೀಗೇ. ಮೇಡಂ ತಪ್ಪಿಗೆ ಅರ್ಧ ಅಂಕ ಕಳೆದಿದ್ದಾರೆ. ಸರ್ ಗೆರೆ ಎಳೆದು ಮುಂದೆ ಓದಿದ್ದೇನೆ ಎನ್ನುತ್ತಾರೆ.

ನಿವೃತ್ತ ಉಪನ್ಯಾಸಕ

ಹಾಗಾದರೆ ಆ ಹುಡುಗ ಮಾಡಿದ್ದು ಒಂದೇ ತಪ್ಪು: ಅಕಾರ, ಹಕಾರ. ಅದನ್ನು ಬಂದ ಕಡೆಯಲ್ಲೆಲ್ಲ ಎಣಿಸಿದರೆ ಹೆಚ್ಚು ಬರೆದವನಿಗೆ ಹೆಚ್ಚು ಶಿಕ್ಷೆ. ಎರಡೂವರೆ ಪುಟ ಬರೆದವನು ಅರ್ಧ ಪುಟ ಬರೆದವನಿಗಿಂತ ಕೆಳಗಿಳಿಯುತ್ತಾನೆ. ಇದಕ್ಕೆ ನಾವು ಎರಡು ನಿಯಮ ಇಟ್ಟುಕೊಂಡಿದ್ದೆವು. ಒಂದೇ ಬಗೆಯ ತಪ್ಪು ಎಷ್ಟು ಸಲ ಬಂದರೂ ಒಂದೇ ಸಲ ಎಣಿಕೆ. ಎಲ್ಲ ಬಗೆಯ ಕಾಗುಣಿತದ ತಪ್ಪು ಸೇರಿ 10ರಲ್ಲಿ 2 ಅಂಕಕ್ಕಿಂತ ಹೆಚ್ಚು ಕಳೆಯುವ ಹಾಗಿಲ್ಲ. ಅರ್ಥವೇ ಕೆಡುವಂತಿದ್ದರೆ ಅದು ವಿಷಯ ನಿರೂಪಣೆಯಲ್ಲಿ ತಾನಾಗಿ ಕಡಿಮೆಯಾಗುತ್ತದೆ.

ಅದೇ ಹೊತ್ತಿಗೆ ಮೇಡಂ ಅವರ ಕಾಳಜಿಯನ್ನು ತಳ್ಳಿಹಾಕಬೇಡಿ. ಗೆರೆ ಎಳೆದು ಸುಮ್ನೆ ಬಿಟ್ಟರೆ ಆ ಹುಡುಗ ಬೋರ್ಡ್ ಪರೀಕ್ಷೆಯಲ್ಲಿ ಕಷ್ಟಪಡುತ್ತಾನೆ. ಅಂಕ ಉಳಿಸಿ, ಪತ್ರಿಕೆಯ ಕೊನೆಯಲ್ಲಿ ‘ಅ–ಹ ನೋಡಿಕೋ’ ಎಂದು ಬರೆದು, ಅವನ ಪುಟದ್ದೇ ಪದಗಳನ್ನು ತಿದ್ದಿಸಿ.

ಇನ್ನೊಂದು ಕೆಲಸ ಮಾಡಿ. ಇಬ್ಬರೂ ಮೇಲಿಟ್ಟಿರುವ ಒಂದನೇ ಪ್ರಬಂಧದ ಪೀಠಿಕೆಯನ್ನು ಮತ್ತೆ ಓದಿ. ಕೆರೆಯ ಬದಲು ಪರಿಸರ, ಮಳೆಕೊಯ್ಲು, ಸ್ವಚ್ಛತೆ ಯಾವುದಕ್ಕೆ ಹಾಕಿದರೂ ಆ ಪೀಠಿಕೆ ಹೊಂದುತ್ತದೆಯೇ?

ಉಪನ್ಯಾಸಕಿ, ರಾಯಚೂರು ಜಿಲ್ಲೆ

ನಮ್ಮ ಕಡೆಯ ಮಕ್ಕಳ ಪಾಡು ಇದಕ್ಕಿಂತ ಸೂಕ್ಷ್ಮ. ‘ಮನಿ’, ‘ಕೆರಿ’, ‘ಸಂತಿ’ ಎಂದು ಬರೆಯುತ್ತಾರೆ. ಅದು ಕಾಗುಣಿತದ ತಪ್ಪಲ್ಲ, ಮನೆಯಲ್ಲಿ ಆಡುವ ಕನ್ನಡ. ನನ್ನ ವಿದ್ಯಾರ್ಥಿನಿಯೊಬ್ಬಳು ಅಜ್ಜಿಯ ಮಾತನ್ನು ಹಾಗೇ ಬರೆದಿದ್ದಳು. ಬೇರೆ ಕಡೆಯಿಂದ ಬಂದ ಸಹೋದ್ಯೋಗಿಯೊಬ್ಬರು ಸಾಲು ಸಾಲು ಹೊಡೆದುಹಾಕಿದ್ದರು. ಅವರಿಗೆ ದ್ವೇಷ ಇರಲಿಲ್ಲ, ಆ ಮಾತು ಕೇಳಿ ಅಭ್ಯಾಸ ಇರಲಿಲ್ಲ ಅಷ್ಟೇ. ಮಾತಿನ ಭಾಗದಲ್ಲಿ ಬಂದರೆ ಅಂಕ ಕಳೆಯಬಾರದು ಎಂದು ನಮ್ಮ ವಿಭಾಗದಲ್ಲಿ ಈಗ ಒಪ್ಪಿದ್ದೇವೆ. ಉಳಿದ ನಿರೂಪಣೆಯಲ್ಲಿ ಬಂದರೂ ಬಿಡಬೇಕು ಎನ್ನುವುದು ನನ್ನ ವಾದ.

ಹೈಸ್ಕೂಲ್ ಕನ್ನಡ ಶಿಕ್ಷಕ

ನಿರೂಪಣೆಯಲ್ಲಿ ಬಿಡುವುದನ್ನು ನಾನು ಒಪ್ಪಲ್ಲ ಮೇಡಂ. ಬೋರ್ಡ್ ಪತ್ರಿಕೆ ಎಲ್ಲಿಗೆ ಹೋಗುತ್ತದೋ ಯಾರಿಗೆ ಗೊತ್ತು? ಆ ಮಗುವಿಗೆ ಮೊದಲೇ ಹೇಳಿಕೊಡಬೇಕಾದವರು ನಾವು.

ನಿವೃತ್ತ ಸರ್ ಹೇಳಿದ್ದರಲ್ಲಿ ನನಗೆ ಇನ್ನೊಂದು ಅನುಮಾನ. ಆರು ಪತ್ರಿಕೆ ಇಟ್ಟುಕೊಂಡು ಇಷ್ಟು ಮಾತಾಡಬಹುದು. ಬಂಡಲ್ ಬಂದು ಬಿದ್ದಾಗ ಯಾರಿಗೆ ಪುರುಸೊತ್ತು?

ನಿವೃತ್ತ ಉಪನ್ಯಾಸಕ

ಚರ್ಚೆ ವರ್ಷಕ್ಕೆ ಒಂದೆರಡು ಸಲ ಸಾಕು. ಬಂಡಲ್ ಹೊತ್ತಿನಲ್ಲಿ ಬೇಕಾದದ್ದು ಕಾವಲು. ಇಬ್ಬರ ಬಂಡಲ್‌ನಲ್ಲೂ ಎರಡು ಪ್ರಬಂಧ ಆರಿಸಿ ಅವುಗಳದೇ ಜೆರಾಕ್ಸ್ ಸೇರಿಸಿ, ಒಂದು ಮೊದಲ ಭಾಗದಲ್ಲಿ, ಒಂದು ಕೊನೆಯ ಭಾಗದಲ್ಲಿ. ಮೊದಲನೆಯದರಲ್ಲಿ ಹತ್ತಿರವಿದ್ದು ಕೊನೆಯದರಲ್ಲಿ ದೂರ ಹೋಗಿದ್ದರೆ ಒಬ್ಬರ ಕೈ ನಡುವೆ ಸರಿದಿದೆ. ಸುಸ್ತಾದಾಗ ಕೆಲವರು ಬಿಗಿಯಾಗುತ್ತಾರೆ, ಕೆಲವರು ಎಲ್ಲರಿಗೂ 5, 6 ಹಾಕಿ ಮುಗಿಸುತ್ತಾರೆ. ಎಲ್ಲ ಅಂಕ 5, 6ರಲ್ಲೇ ಇದ್ದರೆ ಇಬ್ಬರ ನಡುವೆ ವ್ಯತ್ಯಾಸ ಕಾಣುವುದೇ ಇಲ್ಲ, ಆದರೆ ಚೆನ್ನಾಗಿ ಬರೆದ ಮಗುವಿಗೆ ಅನ್ಯಾಯವಾಗಿರುತ್ತದೆ. ಪೂರ್ತಿ ಪತ್ರಿಕೆ ಒಬ್ಬೊಬ್ಬರದನ್ನೇ ಮುಗಿಸುವ ಬದಲು ಎಲ್ಲರ ಪ್ರಬಂಧಗಳನ್ನು ಒಂದೇ ಸಮನೆ ನೋಡುವುದೂ ಒಳ್ಳೆಯದು. ಒಂದು ಅಂಕದ ಪ್ರಶ್ನೆಗಳಿಗೆ ಆ ಮಗು ಏನು ಬರೆದಿದೆ ಎಂಬುದು ಆಗ ಪ್ರಬಂಧದ ಅಂಕಕ್ಕೆ ಅಂಟುವುದಿಲ್ಲ.

ಒಂದಂತೂ ಹೇಳಬೇಕು. 10ರಲ್ಲಿ ಒಂದು ಅಂಕದ ವ್ಯತ್ಯಾಸ ಉಳಿದೇ ಉಳಿಯುತ್ತದೆ. ಅದನ್ನೂ ತೆಗೆಯಲು ಹೋದರೆ ‘ಎರಡು ಗಾದೆ ಇದ್ದರೆ 1 ಅಂಕ, ನಾಲ್ಕು ಉಪಶೀರ್ಷಿಕೆ ಇದ್ದರೆ 2’ ಎಂದು ಎಣಿಸುವುದಕ್ಕೆ ಇಳಿಯುತ್ತೇವೆ. ಇಬ್ಬರ ಅಂಕ ಚೆನ್ನಾಗಿ ಹೊಂದುತ್ತದೆ. ನೀರುಗಂಟಿಯ ಬಗ್ಗೆ ಬರೆದವನು ಮಾತ್ರ ಕೆಳಗುಳಿಯುತ್ತಾನೆ.

ಕೇಳಿದವರು

ನಿನ್ನೆ ಮೂವರೂ ಕೂತೆವು. ಒಂದೇ ತಪ್ಪಿಗೆ ಒಂದೇ ಎಣಿಕೆ, ಒಟ್ಟು 2 ಅಂಕದ ಮಿತಿ ಎಂದ ಮೇಲೆ ಮೂರನೆಯದಕ್ಕೆ ಮೇಡಂ 7 ಕೊಟ್ಟರು. ಕಾಗುಣಿತಕ್ಕೆ ಏನೂ ಕಳೆದಿರದ ಸರ್ ಅರ್ಧ ಅಂಕ ಕಳೆದು ಏಳೂವರೆಗೆ ಬಂದರು. ಐದನೆಯದು 6 ಎಂದು ಒಪ್ಪಿದ್ದೇವೆ.

ಒಂದನೆಯದರ ಪೀಠಿಕೆ ನೀವು ಅಂದುಕೊಂಡಂತೆಯೇ ಇದೆ ಸರ್. ‘ಜಲವೇ ಜೀವನದ ಆಧಾರ’ ಎಂದು ಶುರುವಾಗುತ್ತದೆ, ಕೆರೆಯ ಹೆಸರು ಎರಡನೇ ಪುಟದಲ್ಲಿ ಬರುತ್ತದೆ. ಅಕ್ಷರ ಮುದ್ದಾಗಿದೆ. 5ಕ್ಕೆ ಇಳಿಸಬೇಕು ಎಂದು ನಮ್ಮ ಸರ್ ಹೇಳುತ್ತಾರೆ. ನಾವೇ ತರಗತಿಯಲ್ಲಿ ಬರೆಸಿದ ಪೀಠಿಕೆಗೆ ಈಗ ಅಂಕ ಕಳೆಯುವುದು ಹೇಗೆ ಎಂದು ಮೇಡಂ ಕೇಳುತ್ತಾರೆ. ಅವರ ಪ್ರಶ್ನೆಗೆ ನನ್ನ ಬಳಿ ಉತ್ತರ ಇಲ್ಲ. ಸದ್ಯಕ್ಕೆ ಅಂಕ ಹಾಗೇ ಇರಲಿ, ಮುಂದಿನ ಪರೀಕ್ಷೆಯಿಂದ ‘ನೀನು ಕಂಡ’ ಎಂದು ಪ್ರಶ್ನೆಯಲ್ಲೇ ಸೇರಿಸೋಣ ಎಂದಿದ್ದೇವೆ. ಬರೆಸಿದ ಪೀಠಿಕೆಗೆ ನಿಮ್ಮಲ್ಲಿ ಹೇಗೆ ಅಂಕ ಕೊಡ್ತೀರಿ, ಹೇಳಿ.